ಅವಿಭಾಜ್ಯತೆ ಕೆಲಸ ಮಾಡುವ ಆ ಒಂದು ಸಾಲು

ಪ್ರಶ್ನೆ: ಸರ್, ನಾನು ದಾವಣಗೆರೆಯಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ. p ಅವಿಭಾಜ್ಯ ಸಂಖ್ಯೆಯಾದರೆ ಮಾಡ್ಯುಲೊ p ಯಲ್ಲಿ n ಘಾತದ ಬಹುಪದೋಕ್ತಿಗೆ n ಗಿಂತ ಹೆಚ್ಚು ಮೂಲಗಳು ಇರುವುದಿಲ್ಲ ಎಂದು ಪಾಠವಾಯಿತು. ಆದರೆ ಮಾಡ್ಯುಲೊ 8 ರಲ್ಲಿ x² − 1 ಕ್ಕೆ 1, 3, 5, 7 ಎಂದು ನಾಲ್ಕು ಮೂಲಗಳು ಸಿಗುತ್ತವೆ. ನನ್ನ ನೋಟ್ಸ್‌ನಲ್ಲಿರುವ ಸಾಧನೆಯನ್ನು ಎಷ್ಟು ಸಲ ಓದಿದರೂ p ಅವಿಭಾಜ್ಯ ಎಂಬುದು ಎಲ್ಲಿ ಬೇಕಾಯಿತು ಎಂದು ಕಾಣಲಿಲ್ಲ. ಅದು ಎಲ್ಲಿದೆ?

ಉತ್ತರ: ಅದು ಒಂದೇ ಒಂದು ಸಾಲಿನಲ್ಲಿದೆ. ಆ ಸಾಲು ತೀರಾ ಸಹಜವಾಗಿ ಕಾಣುವುದರಿಂದ ನೋಟ್ಸ್ ಬರೆದುಕೊಳ್ಳುವಾಗ ಅದರ ಕಾರಣ ಬಿಟ್ಟುಹೋಗುತ್ತದೆ. ಚಿತ್ರದುರ್ಗದಲ್ಲಿ ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ನಾನು ನೋಡಿದ ಉತ್ತರಪತ್ರಿಕೆಗಳಲ್ಲಿ ಬಹುಪಾಲು ಈ ಸಾಧನೆಯನ್ನು ಅಚ್ಚುಕಟ್ಟಾಗಿ ಬರೆದಿರುತ್ತಿದ್ದವು, ಆದರೆ ಆ ಸಾಲಿನ ಎದುರು ಕಾರಣ ಇರುತ್ತಿರಲಿಲ್ಲ. ಕಾರಣವಿಲ್ಲದೆ ಬರೆದರೆ ಅದೇ ಸಾಧನೆ ಮಾಡ್ಯುಲೊ 8 ಕ್ಕೂ ಹಾಗೆಯೇ ಹೊಂದಿಬಿಡುತ್ತದೆ, ಮತ್ತು ನಿಮ್ಮ ನಾಲ್ಕು ಮೂಲಗಳು ಅದನ್ನು ಸುಳ್ಳು ಮಾಡುತ್ತವೆ. ಆದ್ದರಿಂದ ನಾವು ಸಾಧನೆಯನ್ನು ಎರಡು ತುಂಡು ಮಾಡಿ, ಯಾವ ತುಂಡು ಎಲ್ಲ ಮಾಡ್ಯುಲೊಗಳಲ್ಲೂ ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂದು ನೋಡೋಣ.

ಮೊದಲು ಒಂದು ಲೆಕ್ಕವನ್ನು ಕೈಯಾರೆ ಮಾಡಿಬಿಡೋಣ. ಮಾಡ್ಯುಲೊ 7 ರಲ್ಲಿ ಈ ಬಹುಪದೋಕ್ತಿಯನ್ನು ತೆಗೆದುಕೊಳ್ಳಿ:

f(x) = x³ + 3x² + x + 6

ಇಲ್ಲಿ x ಗೆ 0 ಯಿಂದ 6 ರವರೆಗೆ ಏಳೇ ಬೆಲೆಗಳು ಇರುವುದರಿಂದ ಎಲ್ಲವನ್ನೂ ಆದೇಶಿಸಿ ನೋಡುವುದು ಕಷ್ಟವೇನಲ್ಲ. f(0) = 6. f(1) = 11, ಅಂದರೆ ಶೇಷ 4. f(2) = 8 + 12 + 2 + 6 = 28, ಶೇಷ 0. f(3) = 27 + 27 + 3 + 6 = 63, ಶೇಷ 0. f(4) = 122, ಶೇಷ 3. f(5) = 211, ಶೇಷ 1. f(6) = 216 + 108 + 6 + 6 = 336, ಅದು 7 ರ 48 ಪಟ್ಟು, ಆದ್ದರಿಂದ ಶೇಷ 0. ಅಲ್ಲಿಗೆ ಮೂಲಗಳು 2, 3 ಮತ್ತು 6. ಘಾತ ಮೂರು, ಮೂಲಗಳೂ ಮೂರು. ಸಾಮಾನ್ಯ ಪೂರ್ಣಾಂಕಗಳಲ್ಲಿ ಇದೇ ಬಹುಪದೋಕ್ತಿಗೆ ಒಂದು ಮೂಲವೂ ಇಲ್ಲ ಎಂಬುದನ್ನೂ ಗಮನಿಸಿ: ಇದ್ದಿದ್ದರೆ ಆ ಮೂಲ 6 ನ್ನು ಭಾಗಿಸಬೇಕಿತ್ತು, ಆದರೆ ±1, ±2, ±3, ±6 ಗಳಲ್ಲಿ ಯಾವುದನ್ನು ಆದೇಶಿಸಿದರೂ ಸೊನ್ನೆ ಬರುವುದಿಲ್ಲ. ಹೀಗಾಗಿ ಪೂರ್ಣಾಂಕಗಳ ಅನುಭವದಿಂದ ಮಾಡ್ಯುಲೊ p ಯ ಮೂಲಗಳನ್ನು ಊಹಿಸಲು ಹೋಗಬಾರದು, ಅಲ್ಲಿ ಬೇರೆಯೇ ಆಗಿ ಲೆಕ್ಕ ಹಾಕಬೇಕು.

ಈಗ ಸಾಧನೆಯ ಮೊದಲ ತುಂಡು. a ಒಂದು ಮೂಲವಾದರೆ f(x) ನ್ನು (x − a) q(x) ಎಂದು ಬರೆಯಬಹುದು, ಇಲ್ಲಿ q ನ ಘಾತ f ನದಕ್ಕಿಂತ ಒಂದು ಕಡಿಮೆ. ಇದು ನೀವು ಪ್ರೌಢಶಾಲೆಯಲ್ಲೇ ಕಲಿತ ಅಪವರ್ತನ ಪ್ರಮೇಯ. ನಮ್ಮ ಉದಾಹರಣೆಯಲ್ಲಿ a = 2 ಎಂದಿಟ್ಟು ಸಂಶ್ಲೇಷಿತ ಭಾಗಾಕಾರ ಮಾಡಿ. ಸಹಗುಣಕಗಳು 1, 3, 1, 6. ಮೊದಲನೆಯ 1 ನ್ನು ಹಾಗೆಯೇ ಇಳಿಸಿಕೊಳ್ಳಿ. ಅದನ್ನು 2 ರಿಂದ ಗುಣಿಸಿ 3 ಕ್ಕೆ ಕೂಡಿಸಿದರೆ 5. ಅದನ್ನು 2 ರಿಂದ ಗುಣಿಸಿ 1 ಕ್ಕೆ ಕೂಡಿಸಿದರೆ 11, ಅಂದರೆ 4. ಅದನ್ನು 2 ರಿಂದ ಗುಣಿಸಿ 6 ಕ್ಕೆ ಕೂಡಿಸಿದರೆ 14, ಅಂದರೆ 0. ಕೊನೆಗೆ ಬಂದ 0 ಶೇಷ, ಉಳಿದವು ಭಾಗಲಬ್ಧದ ಸಹಗುಣಕಗಳು. ಹೀಗೆ

x³ + 3x² + x + 6 ≡ (x − 2)(x² + 5x + 4) (ಮಾಡ್ಯುಲೊ 7)

ಈ ಭಾಗಾಕಾರದಲ್ಲಿ ನಾವು ಮಾಡಿದ್ದು ಗುಣಾಕಾರ ಮತ್ತು ಸಂಕಲನ ಮಾತ್ರ. ಒಂದು ಸಂಖ್ಯೆಯನ್ನು ಇನ್ನೊಂದರಿಂದ ಭಾಗಿಸುವ ಪ್ರಸಂಗ ಎಲ್ಲಿಯೂ ಬರಲಿಲ್ಲ. ಏಕೆಂದರೆ ಭಾಜಕ x − 2 ರಲ್ಲಿ x ನ ಸಹಗುಣಕ 1. ಹಾಗಾಗಿ 7 ರ ಬದಲು 8 ಇದ್ದರೂ, 15 ಇದ್ದರೂ, ಈ ಹಂತ ಚಾಚೂ ತಪ್ಪದೆ ನಡೆಯುತ್ತದೆ. ಸೂತ್ರರೂಪದಲ್ಲಿ ಬೇಕೆಂದರೆ, xᵏ − aᵏ ಎಂಬುದು ಯಾವಾಗಲೂ x − a ಯ ಅಪವರ್ತ್ಯ. f(x) − f(a) ಎಂಬುದು ಅಂಥ ಪದಗಳನ್ನು ಸಹಗುಣಕಗಳಿಂದ ಗುಣಿಸಿ ಕೂಡಿಸಿದ್ದು. f(a) ≡ 0 ಆದಾಗ ಉಳಿಯುವುದು f(x) ಒಂದೇ. ಇಷ್ಟರಲ್ಲಿ ಅವಿಭಾಜ್ಯತೆಯ ಸೊಲ್ಲೇ ಇಲ್ಲ. ಹಲವು ವಿದ್ಯಾರ್ಥಿಗಳು ಮಾಡ್ಯುಲೊ 8 ರಲ್ಲಿ ಭಾಗಾಕಾರವೇ ನಡೆಯುವುದಿಲ್ಲ ಎಂದುಕೊಂಡು ತಪ್ಪನ್ನು ಇಲ್ಲಿ ಹುಡುಕುತ್ತಾರೆ. 2x − 1 ರಂಥ ಭಾಜಕವಿದ್ದರೆ ಅವರ ಮಾತು ನಿಜವಾಗುತ್ತಿತ್ತು, ಏಕೆಂದರೆ ಆಗ 2 ರಿಂದ ಭಾಗಿಸಬೇಕಾಗುತ್ತದೆ ಮತ್ತು ಮಾಡ್ಯುಲೊ 8 ರಲ್ಲಿ 2 ಕ್ಕೆ ವಿಲೋಮವಿಲ್ಲ. ಆದರೆ ನಮ್ಮ ಭಾಜಕ x − a ಮಾತ್ರ.

ಎರಡನೆಯ ತುಂಡಿನಲ್ಲಿ ನೀವು ಹುಡುಕುತ್ತಿರುವುದು ಇದೆ. a ಯನ್ನು ಬಿಟ್ಟು b ಎಂಬ ಇನ್ನೊಂದು ಮೂಲವಿದೆ ಎನ್ನಿ. ಆಗ

(b − a) · q(b) ≡ 0 (ಮಾಡ್ಯುಲೊ p)

b ಮತ್ತು a ಬೇರೆಬೇರೆ ಶೇಷಗಳಾದ್ದರಿಂದ b − a ಸೊನ್ನೆಯಲ್ಲ. ಆದ್ದರಿಂದ q(b) ಸೊನ್ನೆಯಾಗಲೇಬೇಕು. ಈ "ಆದ್ದರಿಂದ" ಇದೆಯಲ್ಲ, ಅವಿಭಾಜ್ಯತೆ ಕುಳಿತಿರುವುದು ಆ ಪದದಲ್ಲಿ. ಎರಡು ಸಂಖ್ಯೆಗಳ ಗುಣಲಬ್ಧ ಸೊನ್ನೆಯಾದರೆ ಅವುಗಳಲ್ಲಿ ಒಂದಾದರೂ ಸೊನ್ನೆ ಎಂಬ ಮಾತನ್ನು ನಾವು ವಾಸ್ತವ ಸಂಖ್ಯೆಗಳ ಜೊತೆ ಎಷ್ಟು ಕಾಲದಿಂದ ಬಳಸುತ್ತ ಬಂದಿದ್ದೇವೆ ಎಂದರೆ, ಅದು ಒಂದು ಗುಣವೆಂದೂ, ಆ ಗುಣ ಎಲ್ಲ ಕಡೆ ಇರಬೇಕೆಂದಿಲ್ಲವೆಂದೂ ನಮಗೆ ಹೊಳೆಯುವುದಿಲ್ಲ. ವರ್ಗಸಮೀಕರಣವನ್ನು ಅಪವರ್ತಿಸಿ ಬಿಡಿಸುವಾಗ "ಈ ಅಪವರ್ತನ ಸೊನ್ನೆ ಅಥವಾ ಆ ಅಪವರ್ತನ ಸೊನ್ನೆ" ಎಂದು ಬರೆಯುವಾಗಲೆಲ್ಲ ನಾವು ಅದನ್ನೇ ನೆಚ್ಚಿಕೊಂಡಿರುತ್ತೇವೆ.

ಮಾಡ್ಯುಲೊ p ಯಲ್ಲಿ ಈ ಗುಣ ಏಕೆ ಇದೆ ಎಂಬುದಕ್ಕೆ ಕಾರಣ ಯೂಕ್ಲಿಡನ ಕಾಲದಿಂದ ತಿಳಿದದ್ದು: ಅವಿಭಾಜ್ಯ p ಯು uv ಯನ್ನು ಭಾಗಿಸಿದರೆ ಅದು u ಅಥವಾ v ಯನ್ನು ಭಾಗಿಸುತ್ತದೆ. ಇದನ್ನೂ ಸುಮ್ಮನೆ ಒಪ್ಪಿಕೊಳ್ಳಬೇಡಿ. p ಯು u ವನ್ನು ಭಾಗಿಸುವುದಿಲ್ಲ ಎನ್ನಿ. p ಯ ಅಪವರ್ತನಗಳು 1 ಮತ್ತು p ಎರಡೇ ಆದ್ದರಿಂದ p ಮತ್ತು u ಗಳ ಮ.ಸಾ.ಅ. 1 ಆಗುತ್ತದೆ, ಮತ್ತು ಆಗ su + tp = 1 ಆಗುವಂಥ s, t ಎಂಬ ಪೂರ್ಣಾಂಕಗಳು ಸಿಗುತ್ತವೆ. ಇಡೀ ಸಮೀಕರಣವನ್ನು v ಯಿಂದ ಗುಣಿಸಿದರೆ suv + tpv = v. ಎಡಗಡೆಯ ಎರಡೂ ಪದಗಳನ್ನು p ಭಾಗಿಸುತ್ತದೆ, ಆದ್ದರಿಂದ v ಯನ್ನೂ ಭಾಗಿಸುತ್ತದೆ. p = 7, u = 3 ಆದಾಗ 5·3 − 2·7 = 1; ಅಂದರೆ 3v ≡ 0 ಎಂದು ಯಾರಾದರೂ ಹೇಳಿದರೆ ನಾವು ಎರಡೂ ಕಡೆ 5 ರಿಂದ ಗುಣಿಸಿ, 15v ≡ v ಆದ್ದರಿಂದ v ≡ 0 ಎಂದು ಉತ್ತರಿಸಬಹುದು. 3 ಕ್ಕೆ 5 ಎಂಬ ವಿಲೋಮ ಇರುವುದೇ ಇಲ್ಲಿ ನಮ್ಮ ಬಲ.

ಇದು ಕಣ್ಣಿಗೆ ಕಟ್ಟಬೇಕಾದರೆ ವಾರದ ದಿನಗಳನ್ನು ತೆಗೆದುಕೊಳ್ಳಿ. ನಿಮ್ಮ ಬೀದಿಗೆ ಮೂರು ದಿನಕ್ಕೊಮ್ಮೆ ನಲ್ಲಿ ನೀರು ಬಿಡುತ್ತಾರೆ ಎಂದಿಟ್ಟುಕೊಳ್ಳೋಣ. ಈ ಸೋಮವಾರ ಬಂದರೆ ಮುಂದೆ ಗುರುವಾರ, ಭಾನುವಾರ, ಬುಧವಾರ, ಶನಿವಾರ, ಮಂಗಳವಾರ, ಶುಕ್ರವಾರ, ಆಮೇಲೆ ಏಳನೆಯ ಸರದಿಗೆ ಮತ್ತೆ ಸೋಮವಾರ. ವಾರದ ಒಂದು ದಿನವೂ ಬಿಟ್ಟುಹೋಗಲಿಲ್ಲ, ಏಳು ಸರದಿಗಿಂತ ಮೊದಲು ಸೋಮವಾರ ಮರಳಲೂ ಇಲ್ಲ. 3v ಯನ್ನು 7 ಭಾಗಿಸಬೇಕಾದರೆ v ಯನ್ನೇ 7 ಭಾಗಿಸಬೇಕು. ವಾರಕ್ಕೆ ಎಂಟು ದಿನಗಳಿದ್ದು ಎರಡು ದಿನಕ್ಕೊಮ್ಮೆ ನೀರು ಬಿಡುತ್ತಿದ್ದರೆ ನಾಲ್ಕನೆಯ ಸರದಿಗೇ ಮೊದಲಿನ ದಿನ ಬಂದುಬಿಡುತ್ತಿತ್ತು, ಮತ್ತು ನಡುವಿನ ನಾಲ್ಕು ದಿನಗಳಿಗೆ ನೀರು ಯಾವತ್ತೂ ಸಿಗುತ್ತಿರಲಿಲ್ಲ. 2 ಸೊನ್ನೆಯಲ್ಲ, 4 ಸೊನ್ನೆಯಲ್ಲ, ಆದರೆ ಮಾಡ್ಯುಲೊ 8 ರಲ್ಲಿ 2·4 ಸೊನ್ನೆ. ಬೀಜಗಣಿತದಲ್ಲಿ ಇಂಥ ಸಂಖ್ಯೆಗಳನ್ನು ಶೂನ್ಯಭಾಜಕಗಳು ಎನ್ನುತ್ತಾರೆ.

ಈಗ ನಿಮ್ಮ x² − 1 ಕ್ಕೆ ಬರೋಣ. ಮಾಡ್ಯುಲೊ 8 ರಲ್ಲಿ a = 1 ಒಂದು ಮೂಲ, ಮತ್ತು ಭಾಗಾಕಾರ ಸರಿಯಾಗಿಯೇ ನಡೆದು x² − 1 = (x − 1)(x + 1) ಎಂದು ಕೊಡುತ್ತದೆ. b = 3 ನ್ನು ಹಾಕಿ. (3 − 1)(3 + 1) = 2·4 = 8 ≡ 0, ಆದ್ದರಿಂದ 3 ಮೂಲ ಹೌದು. ಆದರೆ q(3) = 4, ಅದು ಸೊನ್ನೆಯಲ್ಲ. ಅಂದರೆ 3 ಎಂಬುದು ಗುಣಲಬ್ಧದ ಮೂಲ, ಆದರೆ ಎರಡು ಅಪವರ್ತನಗಳಲ್ಲಿ ಯಾವುದರ ಮೂಲವೂ ಅಲ್ಲ. ಸಾಧನೆ ಮುರಿದ ಜಾಗ ಇದೇ, ಬೇರೆಲ್ಲೂ ಅಲ್ಲ. 5 ನ್ನು ಹಾಕಿದರೂ 4·6 = 24 ಎಂದು ಅದೇ ಕಥೆ. ಇದರ ಇನ್ನೊಂದು ಪರಿಣಾಮ ನೋಡಿ: (x − 1)(x − 7) = x² − 8x + 7 ಮತ್ತು (x − 3)(x − 5) = x² − 8x + 15, ಮಾಡ್ಯುಲೊ 8 ರಲ್ಲಿ ಎರಡೂ x² − 1 ಕ್ಕೇ ಸಮ. ಒಂದೇ ಬಹುಪದೋಕ್ತಿ ಎರಡು ಬೇರೆಬೇರೆ ರೀತಿಯಲ್ಲಿ ಅಪವರ್ತನಗೊಳ್ಳುತ್ತಿದೆ. ಅಪವರ್ತನ ಪ್ರಮೇಯ ಅಲ್ಲಿಯೂ ಸುಳ್ಳಾಗಿಲ್ಲ, ನಾಲ್ಕು ಮೂಲಗಳಿಗೂ ಅದು ತನ್ನ ಮಾತು ಉಳಿಸಿಕೊಂಡಿದೆ. ಒಂದು ಅಪವರ್ತನವನ್ನು ತೆಗೆದಿಟ್ಟ ಮೇಲೆ ಉಳಿದ ಮೂಲಗಳೆಲ್ಲ ಇನ್ನೊಂದರಲ್ಲಿ ಇರುತ್ತವೆ ಎಂಬ ಭರವಸೆ ಮಾತ್ರ ಹೋಗಿದೆ.

ಮಾಡ್ಯುಲೊ 7 ರ ನಮ್ಮ ಉದಾಹರಣೆಯಲ್ಲಿ ಆ ಭರವಸೆ ಉಳಿದಿದೆಯೇ ಎಂದು ಪರೀಕ್ಷಿಸಿ. q(x) = x² + 5x + 4. q(3) = 28 ≡ 0, q(6) = 70 ≡ 0. ನಾವು ತೆಗೆದಿಟ್ಟ 2 ನ್ನು ಬಿಟ್ಟು ಉಳಿದ ಎರಡೂ ಮೂಲಗಳು q ನಲ್ಲಿ ಬಂದು ಕುಳಿತಿವೆ. q ನ ಘಾತ 2.

ಇನ್ನು ಸಾಧನೆಯನ್ನು ಪೂರ್ಣಗೊಳಿಸುವುದು ಸುಲಭ, ಘಾತದ ಮೇಲೆ ಅನುಗಮನ ಮಾಡಿದರೆ ಸಾಕು. ಘಾತ 0 ಆದಾಗ f ಎಂಬುದು p ಯಿಂದ ಭಾಗವಾಗದ ಸ್ಥಿರಾಂಕ, ಅದಕ್ಕೆ ಮೂಲವೇ ಇಲ್ಲ. n − 1 ಘಾತದವರೆಗೆ ಹೇಳಿಕೆ ನಿಜವೆಂದು ಹಿಡಿದು n ಘಾತದ f ನ್ನು ನೋಡಿ. ಅದಕ್ಕೆ ಮೂಲವಿಲ್ಲದಿದ್ದರೆ ಹೇಳಬೇಕಾದ್ದೇನೂ ಇಲ್ಲ. ಇದ್ದರೆ, ಒಂದು ಮೂಲ a ಯನ್ನು ತೆಗೆದಿಡಿ. ಉಳಿದ ಪ್ರತಿಯೊಂದು ಮೂಲವೂ q ನ ಮೂಲ, q ನ ಘಾತ n − 1, ಆದ್ದರಿಂದ ಅಂಥವು n − 1 ಕ್ಕಿಂತ ಹೆಚ್ಚಿಲ್ಲ. a ಯನ್ನು ಸೇರಿಸಿದರೆ n. ಬರ್ಲಿನ್‌ನಲ್ಲಿಯೂ ಪ್ಯಾರಿಸ್‌ನಲ್ಲಿಯೂ ಕೆಲಸ ಮಾಡಿದ ಲಗ್ರಾಂಜ್ ಹದಿನೆಂಟನೆಯ ಶತಮಾನದಲ್ಲಿ ಇದನ್ನು ಸಾಧಿಸಿದ್ದರಿಂದ ಇದಕ್ಕೆ ಅವರದೇ ಹೆಸರಿದೆ. ಗುಂಪುಗಳ ಕುರಿತಾಗಿ ನೀವು ಓದುವ ಲಗ್ರಾಂಜ್ ಪ್ರಮೇಯ ಬೇರೆ, ಎರಡನ್ನೂ ಬೆರೆಸಬೇಡಿ.

ಈ ಹೇಳಿಕೆಯಲ್ಲಿ "ಘಾತ" ಎಂಬ ಪದದ ಬಗ್ಗೆ ಸ್ವಲ್ಪ ನಿಂತು ಮಾತನಾಡಬೇಕು, ಏಕೆಂದರೆ ಲೆಕ್ಕ ಮಾಡುವಾಗ ಎಡವುವುದು ಹೆಚ್ಚಾಗಿ ಅಲ್ಲಿಯೇ. ಘಾತವನ್ನು ಮಾಡ್ಯುಲೊ p ಯಲ್ಲಿ ಓದಬೇಕು, ಕಾಗದದ ಮೇಲೆ ಕಂಡಂತೆ ಅಲ್ಲ. 7x² + 14x ಎಂಬುದು ನೋಡಲು ಎರಡನೆಯ ಘಾತದ್ದು, ಆದರೆ ಮಾಡ್ಯುಲೊ 7 ರಲ್ಲಿ ಅದರ ಎಲ್ಲ ಸಹಗುಣಕಗಳೂ ಸೊನ್ನೆ. ಏಳೂ ಶೇಷಗಳು ಅದರ ಮೂಲಗಳು, ಮತ್ತು ಇದರಿಂದ ಪ್ರಮೇಯಕ್ಕೆ ಧಕ್ಕೆಯಿಲ್ಲ, ಏಕೆಂದರೆ ಪ್ರಮೇಯ ಶೂನ್ಯ ಬಹುಪದೋಕ್ತಿಯನ್ನು ಕುರಿತು ಹೇಳಿದ್ದೇ ಅಲ್ಲ. ಇದಕ್ಕೆ ವ್ಯತಿರಿಕ್ತವಾಗಿ x⁷ − x ನ್ನು ನೋಡಿ. ಫರ್ಮಾ ಅವರ ಪ್ರಮೇಯದಂತೆ ಏಳೂ ಶೇಷಗಳಲ್ಲಿ ಇದರ ಬೆಲೆ ಸೊನ್ನೆಯೇ, ಆದರೆ ಇದು ಶೂನ್ಯ ಬಹುಪದೋಕ್ತಿಯಲ್ಲ. x⁷ ನ ಸಹಗುಣಕ 1 ಆಗಿಯೇ ಉಳಿದಿದೆ. ಘಾತ 7, ಮೂಲಗಳು 7. ಎಲ್ಲ ಕಡೆ ಸೊನ್ನೆಯಾಗುವ ಉತ್ಪನ್ನವೂ ಎಲ್ಲ ಸಹಗುಣಕಗಳು ಸೊನ್ನೆಯಾದ ಬಹುಪದೋಕ್ತಿಯೂ ಇಲ್ಲಿ ಒಂದೇ ಅಲ್ಲ. ಆದರೆ ಘಾತ p ಗಿಂತ ಕಡಿಮೆ ಇದ್ದಾಗ ಎರಡೂ ಒಂದೇ ಆಗುತ್ತವೆ, ಮತ್ತು ಹಾಗೆ ಆಗುವುದು ಇದೇ ಪ್ರಮೇಯದ ಬಲದಿಂದ: ಘಾತ n ಎಂದು ಹೇಳಿಕೊಂಡು n ಗಿಂತ ಹೆಚ್ಚು ಮೂಲಗಳನ್ನು ತೋರಿಸುವ ಬಹುಪದೋಕ್ತಿ ಮಾಡ್ಯುಲೊ p ಯಲ್ಲಿ ಶೂನ್ಯವಾಗಿರಲೇಬೇಕು.

ನನ್ನ ಅಭಿಪ್ರಾಯದಲ್ಲಿ ಪ್ರಮೇಯದ ನಿಜವಾದ ಉಪಯೋಗ ಈ ತಿರುಗಿಸಿದ ರೂಪದಲ್ಲಿದೆ, ಆದ್ದರಿಂದ ಒಂದು ಉದಾಹರಣೆ ಕೊಡುತ್ತೇನೆ. ಮಾಡ್ಯುಲೊ 7 ರಲ್ಲಿ ಎರಡು ಬಹುಪದೋಕ್ತಿಗಳನ್ನು ತೆಗೆದುಕೊಳ್ಳಿ: ಒಂದು x⁶ − 1, ಇನ್ನೊಂದು (x − 1)(x − 2)(x − 3)(x − 4)(x − 5)(x − 6). ಮೊದಲನೆಯದಕ್ಕೆ ಫರ್ಮಾ ಪ್ರಮೇಯದಂತೆ 1 ರಿಂದ 6 ರವರೆಗಿನ ಆರೂ ಮೂಲಗಳು, ಎರಡನೆಯದಕ್ಕೂ ಅವೇ. ಒಂದರಿಂದ ಇನ್ನೊಂದನ್ನು ಕಳೆದರೆ x⁶ ಪದ ಹೋಗಿಬಿಡುತ್ತದೆ, ಹಾಗಾಗಿ ವ್ಯತ್ಯಾಸದ ಘಾತ ಹೆಚ್ಚೆಂದರೆ 5. ಆದರೆ ಅದಕ್ಕೆ ಆರು ಮೂಲಗಳು. ಆದ್ದರಿಂದ ಅದರ ಪ್ರತಿಯೊಂದು ಸಹಗುಣಕವನ್ನೂ 7 ಭಾಗಿಸಬೇಕು. ನಂಬಿಕೆ ಬರದಿದ್ದರೆ ಗುಣಿಸಿ ನೋಡಿ, ನಾನು ಪ್ರತಿ ತರಗತಿಯಲ್ಲೂ ಒಮ್ಮೆ ಕರಿಹಲಗೆಯ ಮೇಲೆ ಇದನ್ನು ಪೂರ್ತಿ ಬಿಡಿಸಿ ತೋರಿಸುತ್ತಿದ್ದೆ:

x⁶ − 21x⁵ + 175x⁴ − 735x³ + 1624x² − 1764x + 720

21, 175, 735, 1624, 1764 ಎಲ್ಲವೂ ಏಳರ ಮಗ್ಗಿಯವೇ. ಕೊನೆಯ ಪದದಲ್ಲಿ 720 ಕ್ಕೆ −1 ರ ಜೊತೆ ಹೋಲಿಕೆ, ವ್ಯತ್ಯಾಸ 721 = 7 × 103. ಆ 720 ಎಂದರೆ 6! ಅಲ್ಲವೇ? ಅಂದರೆ 6! ≡ −1 (ಮಾಡ್ಯುಲೊ 7). 7 ರ ಜಾಗದಲ್ಲಿ ಯಾವುದೇ ಬೆಸ ಅವಿಭಾಜ್ಯವನ್ನು ಇಟ್ಟರೂ ವಾದ ಬದಲಾಗುವುದಿಲ್ಲ, ಮತ್ತು ಅದೇ ವಿಲ್ಸನ್ ಪ್ರಮೇಯ. ಅದನ್ನು ಮೊದಲು ಸಾಧಿಸಿದವರೂ ಲಗ್ರಾಂಜ್ ಅವರೇ, 1771 ರಲ್ಲಿ.

"ಹೆಚ್ಚೆಂದರೆ n" ಎಂಬುದು ಮೇಲ್ಮಿತಿ ಮಾತ್ರ ಎಂಬುದನ್ನೂ ಮರೆಯಬೇಡಿ. ಮಾಡ್ಯುಲೊ 7 ರಲ್ಲಿ x² − 2 ಕ್ಕೆ 3 ಮತ್ತು 4 ಎಂಬ ಎರಡು ಮೂಲಗಳಿವೆ, x² − 3 ಕ್ಕೆ ಒಂದೂ ಇಲ್ಲ.

ಇನ್ನು, 8 ರಲ್ಲಿ ಪ್ರಮೇಯ ಮುರಿದದ್ದು ಆಕಸ್ಮಿಕವೇ ಎಂದು ಮುಂದೆ ನಿಮಗೇ ಅನುಮಾನ ಬರಬಹುದು. ಆಕಸ್ಮಿಕವಲ್ಲ. m = cd ಎಂಬ ಯಾವುದೇ ಸಂಯುಕ್ತ ಸಂಖ್ಯೆ ಇರಲಿ, c ಮತ್ತು d ಎರಡೂ 1 ಕ್ಕಿಂತ ದೊಡ್ಡವಾಗಿರಲಿ; cx ಎಂಬ ಮೊದಲನೆಯ ಘಾತದ ಬಹುಪದೋಕ್ತಿಗೆ 0 ಮತ್ತು d ಎರಡೂ ಮೂಲಗಳು. ಘಾತ ಒಂದು, ಮೂಲಗಳು ಕನಿಷ್ಠ ಎರಡು. ಹಾಗಾಗಿ 1 ಕ್ಕಿಂತ ದೊಡ್ಡ m ಗಳಲ್ಲಿ ಈ ಪ್ರಮೇಯ ಅವಿಭಾಜ್ಯಗಳಿಗೆ ಮಾತ್ರ ಸಲ್ಲುತ್ತದೆ. ಅವಿಭಾಜ್ಯದ ಘಾತವಾದ 9 ಕ್ಕೂ ಸಲ್ಲುವುದಿಲ್ಲ. ಮಾಡ್ಯುಲೊ 9 ರಲ್ಲಿ x² ಕ್ಕೆ 0, 3, 6 ಎಂದು ಮೂರು ಮೂಲಗಳಿವೆ.

ಇದರಿಂದ ಒಂದು ಕೆಲಸದ ಮಾತು ಹೊರಡುತ್ತದೆ. p ಬೆಸ ಅವಿಭಾಜ್ಯವಾದರೆ x² − 1 ಕ್ಕೆ 1 ಮತ್ತು p − 1 ಬಿಟ್ಟು ಬೇರೆ ಮೂಲವಿರಲು ಸಾಧ್ಯವಿಲ್ಲ. ಆದ್ದರಿಂದ ಬೇರೆ ಮೂಲವೊಂದು ಸಿಕ್ಕಿತೆಂದರೆ ಆ ಸಂಖ್ಯೆ ಅವಿಭಾಜ್ಯವಲ್ಲ ಎಂದು ಅಲ್ಲಿಗೇ ತೀರ್ಮಾನವಾಯಿತು. ಮಗ್ಗಿಯಲ್ಲಿ ಕಾಣಿಸಿಕೊಳ್ಳದ ಕಾರಣ ಅವಿಭಾಜ್ಯವೆಂದು ಅನೇಕರು ತಪ್ಪಾಗಿ ಬರೆಯುವ 91 ನ್ನು ತೆಗೆದುಕೊಳ್ಳಿ. 27² = 729 = 8 × 91 + 1, ಆದ್ದರಿಂದ ಮಾಡ್ಯುಲೊ 91 ರಲ್ಲಿ 27 ಒಂದು ಮೂಲ, ಆದರೆ ಅದು 1 ಅಲ್ಲ, 90 ಅಲ್ಲ. ಈಗ ಸಾಧನೆ ಮುರಿಯುವ ಅದೇ ಸಾಲನ್ನು ಇಲ್ಲಿ ಬರೆಯಿರಿ: (27 − 1)(27 + 1) = 26 · 28 ≡ 0, ಆದರೆ 26 ಸೊನ್ನೆಯಲ್ಲ, 28 ಸೊನ್ನೆಯಲ್ಲ. 91 ಇವೆರಡರ ಗುಣಲಬ್ಧವನ್ನು ಭಾಗಿಸುತ್ತದೆ, ಒಂದೊಂದನ್ನು ಭಾಗಿಸುವುದಿಲ್ಲ. ಅಂದರೆ ಅದರ ಒಂದು ಭಾಗ 26 ರಲ್ಲಿಯೂ ಇನ್ನೊಂದು ಭಾಗ 28 ರಲ್ಲಿಯೂ ಅಡಗಿರಬೇಕು. 26 ಮತ್ತು 91 ರ ಮ.ಸಾ.ಅ. ತೆಗೆಯಿರಿ, 13 ಬರುತ್ತದೆ. 28 ಮತ್ತು 91 ರದು 7.